ತಂಡ ಮತ್ತು ಬಜೆಟ್: ರೆಸ್ಯೂಮೆಯಲ್ಲಿ ಯಾವ ಅಂಕಿ ನಿಮ್ಮದು?

ಪ್ರಶ್ನೆ: ನರಸಾಪುರದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗದ ಸೀನಿಯರ್ ಮ್ಯಾನೇಜರ್ ಆಗಿದ್ದೇನೆ. 23 ವರ್ಷಗಳ ಅನುಭವ, ಐದು ಪುಟಗಳ ರೆಸ್ಯೂಮೆ. ತಂಡ, ಬಜೆಟ್ ಹೇಗೆ ಬರೆಯಬೇಕು? ಟ್ರೈನಿ ದಿನಗಳ ಕೆಲಸಗಳನ್ನು ತೆಗೆದುಹಾಕಬಹುದೆ?

ಉತ್ತರ: ಮಾಲೂರು ಮತ್ತು ವೇಮಗಲ್ ಭಾಗದ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಇದ್ದು, ಇಂತಹ ಹುದ್ದೆಗಳ ಸಂದರ್ಶನಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತವನು ನಾನು. ಪರಿಚಿತರೊಬ್ಬರ ರೆಸ್ಯೂಮೆಯನ್ನು ಕಳೆದ ವರ್ಷ ತಿದ್ದಿಕೊಟ್ಟೆ. ಅವರ ಸ್ಥಿತಿಯೂ ನಿಮ್ಮದರಂತೆಯೇ ಇದ್ದುದರಿಂದ ಅದನ್ನೇ ಮುಂದಿಟ್ಟು ಹೇಳುತ್ತೇನೆ.

ಅವರು ಮೊದಲ ಪುಟದಲ್ಲಿಯೇ "380 ಜನರ ತಂಡ, 90 ಕೋಟಿ ರೂಪಾಯಿ ಬಜೆಟ್" ಎಂದು ಬರೆದಿದ್ದರು. ಎರಡೂ ಸುಳ್ಳಲ್ಲ, ಆದರೆ ಎರಡೂ ಅವರದಾಗಿರಲಿಲ್ಲ. ಬಿಡಿಸಿ ಕೇಳಿದಾಗ, ನೇರವಾಗಿ ಅವರಿಗೆ ವರದಿ ಮಾಡುತ್ತಿದ್ದವರು ಆರು ಮಂದಿ, ಅವರನ್ನೂ ಸೇರಿಸಿ ಖಾಯಂ ನೌಕರರು 70, ಉಳಿದ 310 ಮಂದಿ ಗುತ್ತಿಗೆದಾರರ ಮೂಲಕ ಬರುವ ಕಾರ್ಮಿಕರು ಎಂದು ತಿಳಿಯಿತು. ಗುತ್ತಿಗೆ ಕಾರ್ಮಿಕರನ್ನು ನಡೆಸುವುದೂ ಹೊಣೆಯೇ, ಅದರಲ್ಲಿಯೂ ಕೋಲಾರದ ಕಾರ್ಖಾನೆಗಳಲ್ಲಿ ಶಿಫ್ಟ್ ನಿಲ್ಲದಂತೆ ಜನ ಒದಗಿಸಿಕೊಳ್ಳುವುದು ದೊಡ್ಡ ಹೊಣೆ. ಆದರೂ ಅವರ ನೇಮಕ, ವಾರ್ಷಿಕ ಮೌಲ್ಯಮಾಪನ, ಬಡ್ತಿ ಇವರ ಕೈಯಲ್ಲಿರಲಿಲ್ಲ. ಆದ್ದರಿಂದ ಅಂಕಿಯನ್ನು ಕಡಿಮೆ ಮಾಡದೆ ಮೂರಾಗಿ ಒಡೆದು ಬರೆದೆವು: ನೇರ ವರದಿ 6, ಖಾಯಂ 70, ಗುತ್ತಿಗೆ 310. ಹುದ್ದೆ ವಹಿಸಿಕೊಂಡಾಗ ಒಟ್ಟು 210 ಜನರಿದ್ದರು ಎಂಬುದನ್ನೂ ಸೇರಿಸಿದೆವು. ತಂಡ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಬೆಳೆದಾಗ ಚುಕ್ಕಾಣಿ ಯಾರ ಕೈಯಲ್ಲಿತ್ತು ಎಂಬುದನ್ನು ಸಂದರ್ಶಕರು ಹೆಚ್ಚು ಗಮನಿಸುತ್ತಾರೆ.

ಬಜೆಟ್ಟಿನಲ್ಲಿ ತೊಡಕು ಇನ್ನೂ ಹೆಚ್ಚಿತ್ತು. 90 ಕೋಟಿ ಎಂಬುದು ಇಡೀ ಘಟಕದ ವಾರ್ಷಿಕ ವೆಚ್ಚವಾಗಿದ್ದು, ಅದರ ಬಹುಪಾಲು ಕಚ್ಚಾವಸ್ತುವಿನದು. ಕಚ್ಚಾವಸ್ತುವಿನ ದರವನ್ನು ಪ್ರಧಾನ ಕಚೇರಿಯ ಖರೀದಿ ವಿಭಾಗವೇ ನಿಗದಿಪಡಿಸುತ್ತಿತ್ತು. ಇವರು ತಾವೇ ಅಂದಾಜು ತಯಾರಿಸಿ, ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುತ್ತಿದ್ದುದು ಗುತ್ತಿಗೆ ಕೂಲಿ, ವಿದ್ಯುತ್, ಯಂತ್ರಗಳ ನಿರ್ವಹಣೆ ಮತ್ತು ಉಪಭೋಗ ಸಾಮಗ್ರಿಗಳು ಸೇರಿದ 14 ಕೋಟಿಗೆ ಮಾತ್ರ. ಇದರ ಹೊರಗೆ, ಹೊಸ ಪ್ರೆಸ್ ಲೈನಿಗಾಗಿ 3 ಕೋಟಿ ರೂಪಾಯಿಯ ಬಂಡವಾಳ ವೆಚ್ಚದ ಪ್ರಸ್ತಾವವನ್ನು ಸಿದ್ಧಪಡಿಸಿ, ಮಂಜೂರು ಮಾಡಿಸಿ, ಕೆಲಸ ಮುಗಿಸಿಕೊಟ್ಟಿದ್ದರು. ಸ್ವಂತ ಸಹಿಯಿಂದ ಮಂಜೂರು ಮಾಡಬಹುದಾಗಿದ್ದ ಮಿತಿ 5 ಲಕ್ಷ. ಹಿಂದಿನ ಸಂದರ್ಶನವೊಂದರಲ್ಲಿ, "ಆ 90 ಕೋಟಿಯಲ್ಲಿ ವರ್ಷದ ಕೊನೆಗೆ ಎಷ್ಟು ವ್ಯತ್ಯಾಸ ಬಂತು, ಏಕೆ ಬಂತು?" ಎಂದು ಕೇಳಿದಾಗ ಅವರು ತಡವರಿಸಿದ್ದರು. 14 ಕೋಟಿಯ ಬಗ್ಗೆ ಕೇಳಿದ್ದರೆ, 13.6 ಕೋಟಿ ಖರ್ಚಾಯಿತು, ಉಳಿದದ್ದು ಕಂಪ್ರೆಸರ್ ಸೋರಿಕೆ ನಿಲ್ಲಿಸಿದ್ದರಿಂದ ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯವಾದದ್ದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ನಿಮ್ಮ ಅಂಕಿಯನ್ನೂ ಇದೇ ರೀತಿ ಪರೀಕ್ಷಿಸಿ: ವ್ಯತ್ಯಾಸಕ್ಕೆ ಕಾರಣ ಕೇಳಿ ನಿಮಗೆ ಇಮೇಲ್ ಬರುತ್ತಿದ್ದ ಮೊತ್ತವೇ ನಿಮ್ಮ ಬಜೆಟ್. ಕಂಪನಿ ಗೋಪ್ಯವೆನ್ನುವ ಅಂಕಿಯಾದರೆ "10ರಿಂದ 15 ಕೋಟಿ" ಎಂದು ವ್ಯಾಪ್ತಿಯಲ್ಲಿ ಬರೆದರೂ ನಡೆಯುತ್ತದೆ.

ಈ ವಿವರಗಳೆಲ್ಲ ಪ್ರತಿ ಹುದ್ದೆಯ ಹೆಸರಿನ ಕೆಳಗೆ ಎರಡು ಸಾಲಿನಲ್ಲಿ, ಸಾಧನೆಗಳಿಗಿಂತ ಮೊದಲು ಬರಬೇಕು. ಯಾರಿಗೆ ವರದಿ ಮಾಡುತ್ತೀರಿ ಎಂಬುದೂ ಅಲ್ಲಿಯೇ ಇರಲಿ, ಏಕೆಂದರೆ ಒಂದು ಕಂಪನಿಯ ಸೀನಿಯರ್ ಮ್ಯಾನೇಜರ್ ಇನ್ನೊಂದರಲ್ಲಿ ಬರೀ ಮ್ಯಾನೇಜರ್ ಆಗಿರಬಹುದು.

ಇನ್ನು ಹಳೆಯ ಕೆಲಸಗಳು. ತೆಗೆದುಹಾಕಬೇಡಿ, ಕುಗ್ಗಿಸಿ. ಕಳೆದ 12ರಿಂದ 15 ವರ್ಷಗಳ ಹುದ್ದೆಗಳನ್ನು ವಿವರವಾಗಿ ಬರೆದು, ಅದಕ್ಕೂ ಹಿಂದಿನವನ್ನು "ಹಿಂದಿನ ಅನುಭವ" ಎಂಬ ಒಂದೇ ಶೀರ್ಷಿಕೆಯಡಿ ಕಂಪನಿ, ಹುದ್ದೆ, ವರ್ಷ ಇಷ್ಟನ್ನೇ ಕೊಟ್ಟು ಒಂದೊಂದು ಸಾಲಿಗೆ ಇಳಿಸಿ. ಪೂರ್ತಿ ಬಿಟ್ಟುಬಿಟ್ಟರೆ 23 ವರ್ಷದ ಲೆಕ್ಕ ಕೂಡುವುದಿಲ್ಲ. ಆಯ್ಕೆಯಾದ ಮೇಲೆ ಕಂಪನಿಯ ಅರ್ಜಿಯಲ್ಲಿ ಎಲ್ಲ ಉದ್ಯೋಗಗಳನ್ನೂ ತುಂಬಬೇಕಾಗಿ ಬಂದಾಗ, ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನು ರೆಸ್ಯೂಮೆಯೊಂದಿಗೆ ಹೋಲಿಸಿ ನೋಡಿದರೆ, ಬಿಟ್ಟದ್ದು ಮುಚ್ಚಿಟ್ಟಂತೆ ಕಾಣುತ್ತದೆ. ಡಿಪ್ಲೊಮಾ ಟ್ರೈನಿಯಾಗಿ ಲೇತ್ ಕಲಿತದ್ದು, ಶಿಫ್ಟ್ ರಿಜಿಸ್ಟರ್ ಬರೆದದ್ದು, ಆಗ ಸಿಕ್ಕ ಪ್ರಮಾಣಪತ್ರಗಳು, ಇವೆಲ್ಲ ಹೋಗಲಿ. (ನನ್ನ ಪರಿಚಿತರು ಟೈಪಿಂಗ್ ಸರ್ಟಿಫಿಕೇಟನ್ನೂ ಉಳಿಸಿಕೊಂಡಿದ್ದರು.)

ಒಂದು ವಿನಾಯಿತಿ ಮಾತ್ರ ಇದೆ. ಅವರು 2006ರಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾಗ ಖಾಲಿ ಶೆಡ್ಡಿನಲ್ಲಿ ಮೊದಲ ಯಂತ್ರ ಕೂರಿಸುವುದರಿಂದ ಹಿಡಿದು ಉತ್ಪಾದನೆ ಆರಂಭವಾಗುವವರೆಗೂ ಜೊತೆಗಿದ್ದರು. ಅವರು ಅರ್ಜಿ ಹಾಕುತ್ತಿದ್ದ ಹುದ್ದೆ ಹೊಸ ಘಟಕ ಸ್ಥಾಪನೆಯದಾದ್ದರಿಂದ, ಆ ಒಂದು ಸಾಲಿನ ಮುಂದೆ ಇನ್ನೊಂದು ವಾಕ್ಯ ಸೇರಿಸಿದೆವು. ಹುದ್ದೆ ಬೇರೆಯಾಗಿದ್ದರೆ ಅದನ್ನೂ ಅಳಿಸುತ್ತಿದ್ದೆ. ಹೀಗೆ ಅವರ ನಾಲ್ಕೂವರೆ ಪುಟ ಎರಡಕ್ಕೆ ಇಳಿಯಿತು.