ಗಂಟಲಿನ ಉಂಡೆ ಊಟದ ಹೊತ್ತಿನಲ್ಲಿ ಏನಾಗುತ್ತದೆ?

ಪ್ರಶ್ನೆ: ನನಗೆ 41 ವರ್ಷ, ತುಮಕೂರಿನಲ್ಲಿ ಶಿಕ್ಷಕಿ. ಐದು ತಿಂಗಳಿಂದ ಗಂಟಲಲ್ಲಿ ಏನೋ ಉಂಡೆ ಕೂತಂತಿದೆ. ನುಂಗುವಾಗ ನೋವಿಲ್ಲ, ಊಟ ಇಳಿಯುತ್ತದೆ, ಆದರೂ ಅದು ಅಲ್ಲೇ ಇದೆ ಅನಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡ್‌ನ ಬಲಭಾಗದಲ್ಲಿ 9 ಮಿಲಿಮೀಟರ್ ಗಂಟು, ಟೈರಾಡ್ಸ್ 3 ಎಂದು ಬಂದಿದೆ. ಟಿಎಸ್‌ಎಚ್ 5.8. ಗ್ಯಾಸ್ಟ್ರಿಕ್ ಇರಬಹುದೆಂದು ಪ್ಯಾಂಟೊಪ್ರಜೋಲ್ 40 ಕೊಟ್ಟಿದ್ದಾರೆ. ಮೂರು ವಾರದಿಂದ ತಿಂಡಿಯಾದ ಮೇಲೆ ನುಂಗುತ್ತಿದ್ದೇನೆ, ಗುಣ ಕಂಡಿಲ್ಲ. ಇದು ಥೈರಾಯ್ಡೋ, ಗ್ಯಾಸ್ಟ್ರಿಕ್ಕೋ, ಇಲ್ಲ ಕ್ಯಾನ್ಸರೋ?

ಉತ್ತರ: ನಿಮ್ಮ ವರದಿಗಳಿಗಿಂತ ಹೆಚ್ಚಿನ ಸುಳಿವು ನಿಮ್ಮ ಊಟದ ತಟ್ಟೆಯಲ್ಲಿದೆ. ಮುಂದಿನ ಒಂದು ವಾರ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ಗಮನಿಸಿ: ಬಾಯಲ್ಲಿ ಏನೂ ಇಲ್ಲದೆ ಬರೀ ಎಂಜಲು ನುಂಗಿದಾಗ ಆ ಉಂಡೆ ಹೇಗಿರುತ್ತದೆ, ಊಟ ಮಾಡುತ್ತಿರುವಾಗ ಹೇಗಿರುತ್ತದೆ. ಎಂಜಲು ನುಂಗಿದಾಗ ಎದ್ದು ಕಾಣುವ ಉಂಡೆ ಅನ್ನ, ಸಾರು ಇಳಿಯುವಾಗ ಮರೆತೇಹೋಗಿ, ಕೈತೊಳೆದು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೆನಪಾಗುವಂತಿದ್ದರೆ, ಅದು ವೈದ್ಯರು ಗ್ಲೋಬಸ್ ಎಂದು ಕರೆಯುವ ಸ್ಥಿತಿಯ ಲಕ್ಷಣ. ಇಲ್ಲಿ ಗಂಟಲಲ್ಲಿ ಯಾವ ವಸ್ತುವೂ ಇರುವುದಿಲ್ಲ, ಅನುಭವ ಮಾತ್ರ ನಿಜವಾಗಿರುತ್ತದೆ. ನಿಜವಾದ ಅಡಚಣೆಯ ನಡೆ ಇದಕ್ಕೆ ತದ್ವಿರುದ್ಧ. ದಾರಿ ಕಿರಿದಾಗಿದ್ದರೆ ತೊಂದರೆ ಊಟದ ವೇಳೆಯಲ್ಲೇ ಹೆಚ್ಚುತ್ತದೆ. ಮೊದಲು ಒಣ ಚಪಾತಿ, ಬ್ರೆಡ್ಡು, ಮಾಂಸದ ತುಂಡಿನಂಥ ಗಟ್ಟಿ ಪದಾರ್ಥ ನಿಲ್ಲುತ್ತದೆ, ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆ, ದಿನ ಕಳೆದಂತೆ ಮೆತ್ತಗಿನ ಅನ್ನವೂ ಕಷ್ಟವಾಗುತ್ತದೆ. ಮುದ್ದೆ ಸಲೀಸಾಗಿ ಇಳಿಯುತ್ತದೆ ಎಂಬುದನ್ನೇ ನಂಬಿ ಕೂರಬೇಡಿ, ಏಕೆಂದರೆ ಸಾರಿನಲ್ಲಿ ಅದ್ದಿದ ಮುದ್ದೆ ಜಾರಿಕೊಂಡು ಹೋಗುವ ಆಹಾರ. ಪರೀಕ್ಷಿಸುವುದಾದರೆ ಚೆನ್ನಾಗಿ ಅಗಿದ ಒಣ ಚಪಾತಿಯಿಂದ ಪರೀಕ್ಷಿಸಿಕೊಳ್ಳಿ.

ಹೀಗೇಕಾಗುತ್ತದೆ ಎಂದರೆ, ಅನ್ನನಾಳದ ಬಾಯಿಯಲ್ಲಿ, ಧ್ವನಿಪೆಟ್ಟಿಗೆಯ ಹಿಂದೆ, ಉಂಗುರದಂಥ ಒಂದು ಸ್ನಾಯುವಿದೆ. ಅದು ಸದಾ ಬಿಗಿದೇ ಇದ್ದು, ನುಂಗುವ ಕ್ಷಣಕ್ಕೆ ಮಾತ್ರ ಸಡಿಲಗೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಬಿಗಿತ ಹೆಚ್ಚಿದಾಗಲೋ, ಆ ಭಾಗದ ನರಗಳ ಸಂವೇದನೆ ಚುರುಕಾದಾಗಲೋ ಅಲ್ಲಿ ಏನೋ ಕೂತಂತೆ ತೋರುತ್ತದೆ. ಹಾಗೆ ತೋರಿದಾಗ ನಾವು ಅದನ್ನು ಕೆಳಗಿಳಿಸಲೆಂದು ಮತ್ತೆಮತ್ತೆ ಎಂಜಲು ನುಂಗುತ್ತೇವೆ, ಕ್ಯಾಕರಿಸುತ್ತೇವೆ. ಪ್ರತಿ ಸಲವೂ ಸ್ನಾಯು ಮುಚ್ಚಿಕೊಳ್ಳುವ ಬಿಗಿತ ಇನ್ನಷ್ಟು ಅರಿವಿಗೆ ಬರುತ್ತದೆ, ಕ್ಯಾಕರಿಸಿದ್ದರಿಂದ ಒಳಪದರವೂ ಕೆರಳುತ್ತದೆ. ದಿನವಿಡೀ ತರಗತಿಯಲ್ಲಿ ಗಟ್ಟಿಯಾಗಿ ಮಾತನಾಡುವವರಲ್ಲಿ ಈ ಸುತ್ತು ಬೇಗ ಗಟ್ಟಿಯಾಗುತ್ತದೆ. ಆತಂಕ ಇದನ್ನು ಹೆಚ್ಚಿಸುತ್ತದೆ ಎನ್ನುವುದು ನಿಜವೇ ಆದರೂ, ಹಿಂದಿನವರು ಇದಕ್ಕೆ ಉನ್ಮಾದದ ಹೆಸರು ಅಂಟಿಸಿ ಹೆಂಗಸರನ್ನು ಮನೆಗೆ ಕಳಿಸುತ್ತಿದ್ದುದು ತಪ್ಪು. ಶಾಂತವಾಗಿರುವವರಿಗೂ ಇದು ಬರುತ್ತದೆ.

ಇನ್ನು ನಿಮ್ಮ ಥೈರಾಯ್ಡ್. ಈ ಗ್ರಂಥಿ ಗಂಟಲಿಗೆ ಒತ್ತಡ ಕೊಡಲು ಸಾಧ್ಯವಿದೆ, ಆದರೆ ಅದಕ್ಕೆ ಗಾತ್ರ ಬೇಕು. ಇಡೀ ಗ್ರಂಥಿ ಊದಿಕೊಂಡು ಎದೆಮೂಳೆಯ ಹಿಂದಕ್ಕೆ ಇಳಿದಿದ್ದರೆ, ಅಥವಾ ಹಲವು ಸೆಂಟಿಮೀಟರ್ ದೊಡ್ಡ ಗಂಟು ಶ್ವಾಸನಾಳವನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ, ಒತ್ತಿದ ಅನುಭವವಾಗುತ್ತದೆ. ಮಲಗಿದಾಗ ಉಸಿರು ಕಟ್ಟಿದಂತಾಗಬಹುದು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಹಿಡಿದರೆ ಮುಖ ಕೆಂಪೇರಬಹುದು. ಒಂದು ಸೆಂಟಿಮೀಟರ್ ಕೂಡ ಇಲ್ಲದ ನಿಮ್ಮ ಗಂಟಿಗೆ ಅಷ್ಟು ಶಕ್ತಿಯಿಲ್ಲ. ಈ ವಯಸ್ಸಿನ ಮಹಿಳೆಯರಿಗೆ ಸ್ಕ್ಯಾನಿಂಗ್ ಮಾಡಿದರೆ ಇಂಥ ಸಣ್ಣ ಗಂಟುಗಳು ಬಹಳ ಮಂದಿಯಲ್ಲಿ ಕಾಣುತ್ತವೆ, ಆಮೇಲೆ ಅವರ ಗಂಟಲಿನ ಎಲ್ಲ ತೊಂದರೆಗೂ ಅದೇ ಹೊಣೆಯಾಗುತ್ತದೆ. ಟೈರಾಡ್ಸ್ 3 ಎಂದರೆ ಕ್ಯಾನ್ಸರ್‌ನ ಅನುಮಾನ ಕಡಿಮೆ ಎಂದರ್ಥ. ಅಮೆರಿಕದ ವಿಕಿರಣ ತಜ್ಞರ ಸಂಘದ ಮಾರ್ಗಸೂಚಿಯಂತೆ ಈ ವರ್ಗದ ಗಂಟು 1.5 ಸೆಂಟಿಮೀಟರ್ ಮುಟ್ಟಿದರೆ ಆಗಾಗ ಸ್ಕ್ಯಾನಿಂಗ್ ಮಾಡಿ ನೋಡಬೇಕು, 2.5 ಮುಟ್ಟಿದರೆ ಸೂಜಿ ಪರೀಕ್ಷೆ ಮಾಡಬೇಕು. ನಿಮ್ಮದು ಎರಡಕ್ಕೂ ದೂರವಿದೆ.

ಟಿಎಸ್‌ಎಚ್ ಬೇರೆಯೇ ವಿಚಾರ. ಅದು ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಸೂಚನೆಯೇ ಹೊರತು ಗ್ರಂಥಿಯ ಗಾತ್ರವನ್ನಾಗಲಿ, ಅದು ಒತ್ತುತ್ತಿದೆಯೇ ಎಂಬುದನ್ನಾಗಲಿ ಹೇಳುವುದಿಲ್ಲ. 5.8 ಸ್ವಲ್ಪ ಹೆಚ್ಚು. ಎರಡು ಮೂರು ತಿಂಗಳ ನಂತರ ಫ್ರೀ ಟಿ4 ಮತ್ತು ಟಿಪಿಒ ಪ್ರತಿಕಾಯದ ಜೊತೆಗೆ ಮತ್ತೊಮ್ಮೆ ಮಾಡಿಸಿ. ಟಿಎಸ್‌ಎಚ್ 10 ದಾಟದೆ, ಗರ್ಭಧಾರಣೆಯ ಯೋಚನೆಯೂ ಇಲ್ಲದಿದ್ದರೆ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೇಕಾದರೂ ಅದು ಥೈರಾಯ್ಡ್‌ಗಾಗಿ, ಗಂಟಲಿನ ಉಂಡೆ ಅದರಿಂದ ಕರಗುತ್ತದೆಂದು ನಿರೀಕ್ಷಿಸಬೇಡಿ.

ಜಠರದ ಆಮ್ಲ ಮೇಲಕ್ಕೆ ಬರುವುದು ಕಾರಣವಾಗಬಹುದು, ಆದರೆ ಇದನ್ನು ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚು ದೂರುತ್ತೇವೆಂಬುದು ನನ್ನ ಅಭಿಪ್ರಾಯ. ಎದೆಯುರಿ, ಹುಳಿತೇಗು, ಬಗ್ಗಿದಾಗ ಅಥವಾ ರಾತ್ರಿ ಊಟವಾದೊಡನೆ ಮಲಗಿದಾಗ ಬಾಯಿಗೆ ಹುಳಿನೀರು ಬರುವುದು, ಇವು ಇದ್ದರೆ ಮಾತ್ರೆಯನ್ನು ಸರಿಯಾಗಿ ಪ್ರಯೋಗಿಸಿ ನೋಡುವುದು ನ್ಯಾಯ. ನೀವು ನುಂಗುತ್ತಿರುವ ಸಮಯ ಸರಿಯಿಲ್ಲ. ಪ್ಯಾಂಟೊಪ್ರಜೋಲ್ ತಡೆಯುವುದು ಊಟದಿಂದ ಎಚ್ಚೆತ್ತ ಆಮ್ಲದ ಪಂಪುಗಳನ್ನು; ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲೇ ಅದು ಹೊಟ್ಟೆ ಸೇರಬೇಕು. ಹಾಗೆ ಎಂಟು ವಾರ ತೆಗೆದುಕೊಂಡು, ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಬಿಟ್ಟು ನೋಡಿ. ಉಂಡೆ ಹಾಗೇ ಇದ್ದರೆ ಮಾತ್ರೆಯನ್ನು ಎರಡಕ್ಕೇರಿಸುವ ಬದಲು ವೈದ್ಯರನ್ನು ಕೇಳಿ ನಿಲ್ಲಿಸಿ. ಎದೆಯುರಿ, ಹುಳಿತೇಗು ಯಾವುದೂ ಇಲ್ಲದಿದ್ದರೆ ಈ ಮಾತ್ರೆ ಬೇಕೇ ಎಂದು ಈಗಲೇ ಕೇಳಬಹುದು. ಬಹುಕಾಲದ ಗಂಟಲಿನ ತೊಂದರೆಯಿರುವ 346 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದೇ ಗುಂಪಿನ ಲ್ಯಾನ್ಸೊಪ್ರಜೋಲನ್ನು ದಿನಕ್ಕೆರಡು ಬಾರಿ 16 ವಾರ ಕೊಟ್ಟರೂ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಹಾಗಾದರೆ ಈಗ ಮಾಡಬೇಕಾದದ್ದು ಏನು? ಕಿವಿ ಮೂಗು ಗಂಟಲು ತಜ್ಞರಲ್ಲಿ ಒಮ್ಮೆ ಲ್ಯಾರಿಂಗೋಸ್ಕೋಪಿ ಮಾಡಿಸಿ. ಮೂಗಿನ ಮೂಲಕ ತೆಳುವಾದ ಬಾಗುವ ನಳಿಕೆ ಇಳಿಸಿ ಗಂಟಲಿನ ತಳ ಮತ್ತು ಧ್ವನಿತಂತುಗಳನ್ನು ನೋಡುವ ಪರೀಕ್ಷೆಯಿದು, ಕೆಲವೇ ನಿಮಿಷದ ಕೆಲಸ, ಮತ್ತು ಬರಿಗಣ್ಣಿಗೆ ಕಾಣದ ಮೂಲೆಗಳು ಇದರಲ್ಲಿ ಕಾಣುತ್ತವೆ. ಅದರಲ್ಲಿ ಏನೂ ಇಲ್ಲದಿದ್ದರೆ, ನಿಮ್ಮ ಕಥೆಯೂ ಗ್ಲೋಬಸ್‌ಗೆ ಹೊಂದಿದರೆ, ಸಿ.ಟಿ. ಸ್ಕ್ಯಾನಿಗೆ ಓಡಬೇಕಿಲ್ಲ. ನುಂಗಬೇಕೆನಿಸಿದಾಗಲೆಲ್ಲ ಎಂಜಲಿನ ಬದಲು ಒಂದು ಗುಟುಕು ನೀರು ಕುಡಿಯಿರಿ, ಕ್ಯಾಕರಿಸುವ ಬದಲೂ ಅದನ್ನೇ ಮಾಡಿ. ತರಗತಿಯಲ್ಲಿ ನೀರಿನ ಬಾಟಲಿ ಮೇಜಿನ ಮೇಲಿರಲಿ. ಇದರಿಂದಲೂ ಹೋಗದಿದ್ದರೆ ವಾಕ್ ಚಿಕಿತ್ಸಕರು ಆಕಳಿಕೆಯಂತೆ ಗಂಟಲು ತೆರೆಯುವ, ಕತ್ತು ಮತ್ತು ದವಡೆ ಸಡಿಲಿಸುವ ಅಭ್ಯಾಸಗಳನ್ನು ಕಲಿಸುತ್ತಾರೆ. ಹೆಚ್ಚಿನವರಲ್ಲಿ ಇದು ನಿಧಾನವಾಗಿ ಕಡಿಮೆಯಾಗುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು, ನಡುವೆ ಮರಳಿಯೂ ಬರಬಹುದು.

ಗಟ್ಟಿ ಆಹಾರ ನಿಲ್ಲತೊಡಗಿದರೆ, ನುಂಗುವಾಗ ನೋವು ಬಂದರೆ, ಅನುಭವ ಒಂದೇ ಪಕ್ಕಕ್ಕೆ ಕಟ್ಟಿಕೊಂಡು ಅದೇ ಕಡೆಯ ಕಿವಿ ನೋಯುತ್ತಿದ್ದರೆ, ಮೂರು ವಾರ ದಾಟಿದರೂ ದನಿ ಒಡಕಾಗಿಯೇ ಇದ್ದರೆ, ಕತ್ತಿನಲ್ಲಿ ಹೊಸ ಗಡ್ಡೆ ಕೈಗೆ ಸಿಕ್ಕರೆ, ಉಗುಳಿನಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಲೆಕ್ಕಾಚಾರ ಬದಲಾಗುತ್ತದೆ, ಆಗ ಎಂಡೋಸ್ಕೋಪಿಗೆ ತಡಮಾಡಬಾರದು. ತಂಬಾಕು, ಎಲೆ ಅಡಿಕೆ ಅಥವಾ ಗುಟ್ಕಾ ಅಭ್ಯಾಸವಿದ್ದರೆ ಇವುಗಳಲ್ಲಿ ಒಂದೂ ಇಲ್ಲದಿದ್ದರೂ ಲ್ಯಾರಿಂಗೋಸ್ಕೋಪಿಯನ್ನು ಈ ವಾರವೇ ಮಾಡಿಸಿ. ಮುಟ್ಟಿನ ಸ್ರಾವ ಹೆಚ್ಚಿರುವ ಮಹಿಳೆಯರಿಗೆ ಇನ್ನೊಂದು ಮಾತು: ಬಹುಕಾಲದ ಕಬ್ಬಿಣದ ಕೊರತೆಯಿಂದ ಅನ್ನನಾಳದ ಬಾಯಿಯಲ್ಲೇ ತೆಳುವಾದ ಪೊರೆ ಬೆಳೆದು ಗಟ್ಟಿ ತುತ್ತನ್ನು ತಡೆಯುವುದುಂಟು. ಆದ್ದರಿಂದ ಮುಂದಿನ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಜೊತೆಗೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ಕೂಡ ಸೇರಿಸಲು ಹೇಳಿ.