ಮುಂಗಡ ಕೊಟ್ಟವನು ಕೊಳ್ಳುವುದು ಏನನ್ನು?

ಪ್ರಶ್ನೆ: ನನಗೆ ಎಪ್ಪತ್ನಾಲ್ಕು. ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆ ಎರಡೂವರೆ ಎಕರೆ ಇದೆ. ಮಾರಬೇಕು ಅನ್ಸುತ್ತದೆ, ಮರುದಿನ ಬೇಡ ಅನ್ಸುತ್ತದೆ. ನಮ್ಮ ಬಯಲಲ್ಲಿ ಈಗ ಕಗ್ಗ ಭತ್ತ ಬಿತ್ತುವುದು ನಾಲ್ಕೇ ಮನೆ. ಕಟ್ಟೆ ಒಡೆದರೆ ಕಟ್ಟಲು ಆಳಿಲ್ಲ. ಬೆಂಗಳೂರಿನ ಮಗ "ಕೊಟ್ಬಿಡಿ ಅಪ್ಪ" ಅನ್ನುತ್ತಾನೆ. ಹೆಂಡತಿ ಸುಮ್ಮನಿದ್ದಾಳೆ. ರೆಸಾರ್ಟಿನವರು 5 ಲಕ್ಷ ಮುಂಗಡ ಕೊಟ್ಟು ಕರಾರು ಮತ್ತು ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳುತ್ತಾರಂತೆ. ಕೃಷಿಯೇತರ ಬಳಕೆಗೆ ಪರಿವರ್ತನೆ, ಅಂದರೆ ಎನ್.ಎ., ಅವರೇ ಮಾಡಿಸುತ್ತಾರೆ, ಅದಾದ ಮೇಲೆ ಬಾಕಿ 70 ಲಕ್ಷ. ಮುಂಗಡ ಈಗ ತಗೊಂಡು, ಮಾರೋದಾ ಬೇಡವಾ ಅಂತ ನಿಧಾನಕ್ಕೆ ಯೋಚಿಸಬಹುದಲ್ವಾ?
— ಅಘನಾಶಿನಿ ದಂಡೆಯ ರೈತ, ಕುಮಟಾ ತಾಲ್ಲೂಕು

ಉತ್ತರ: ಆಗುವುದಿಲ್ಲ. ಈ ವರ್ಷ ಇದೇ ಪ್ರಶ್ನೆ ಕೇಳಿದವರಲ್ಲಿ ನೀವು ಎಷ್ಟನೆಯವರೋ, ಲೆಕ್ಕ ಬಿಟ್ಟಿದ್ದೇನೆ. ನಿಧಾನಕ್ಕೆ ಯೋಚಿಸುವ ಅವಕಾಶ ಆ 5 ಲಕ್ಷಕ್ಕೆ ಅವರಿಗೆ ಸಿಗುತ್ತದೆ, ನಿಮಗಲ್ಲ. ಎನ್.ಎ. ಸಿಕ್ಕರೆ ಕೊಳ್ಳುತ್ತಾರೆ, ಸಿಗದಿದ್ದರೆ ಸುಮ್ಮನಿರುತ್ತಾರೆ. ನೀವು ಮಾತ್ರ ಕಟ್ಟಿಹಾಕಿದ ಹಾಗೆ.

ನಮ್ಮ ಕಡೆಯ ಒಬ್ಬರು ಹೀಗೇ 3 ಲಕ್ಷ ತಗೊಂಡರು. ಕರಾರಿನಲ್ಲಿ "ಎನ್.ಎ. ಆದ ಮೂರು ತಿಂಗಳೊಳಗೆ ಕ್ರಯಪತ್ರ" ಎಂದಿತ್ತು. ತಾರೀಕೇ ಇರಲಿಲ್ಲ. ಎನ್.ಎ. ಆಗಲಿಲ್ಲ. ಆರು ವರ್ಷದ ನಂತರ ಪಕ್ಕದ ಹೊಲದವನೇ ಒಳ್ಳೆ ರೇಟಿಗೆ ಕೇಳಿದ. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದಾಗ ಅದರಲ್ಲಿ ಹಳೆಯ ಕರಾರು ಕಂಡಿತು, ಅವನು ಹಿಂದೆ ಸರಿದ. ನೋಂದಣಿ ಮಾಡಿದ ಕರಾರನ್ನು ರದ್ದು ಮಾಡಿಸಲು ಇಬ್ಬರದೂ ಸಹಿ ಬೇಕು. ಆ ಕಡೆಯವರು ಸಹಿಗೆ 12 ಲಕ್ಷ ಕೇಳಿದರು. ಆ ಕರಾರನ್ನು ಬರೆಯುವ ಮೊದಲು ನನಗೆ ತೋರಿಸಿದ್ದರೆ ಒಂದೇ ಸಾಲು ಸೇರಿಸುತ್ತಿದ್ದೆ.

ಆ ಸಾಲು ಕೊನೆಯ ತಾರೀಕು. ಕ್ರಯಕ್ಕೆ ದಿನ ಗೊತ್ತು ಮಾಡಿದ್ದರೆ, ಆ ದಿನದಿಂದ ಮೂರು ವರ್ಷದೊಳಗೆ ಅವರು ಕೋರ್ಟಿಗೆ ಹೋಗಬೇಕು. ದಿನವೇ ಇಲ್ಲದಿದ್ದರೆ, ನೀವು "ಕೊಡುವುದಿಲ್ಲ" ಅಂದದ್ದು ಅವರಿಗೆ ಗೊತ್ತಾದ ದಿನದಿಂದ ಆ ಮೂರು ವರ್ಷ ಶುರು. ಅಂದರೆ ನೀವು ಬಾಯಿ ಬಿಡುವವರೆಗೆ ಗಡಿಯಾರವೇ ಓಡುವುದಿಲ್ಲ. ಆದ್ದರಿಂದ "ಇಂಥ ತಾರೀಕಿನೊಳಗೆ ಪೂರ್ತಿ ಹಣ ಬಾರದಿದ್ದರೆ ಕರಾರು ತನ್ನಿಂತಾನೇ ರದ್ದು" ಎಂದು ಬರೆಸಿ. ಎಂಟು ತಿಂಗಳು ಸಾಕು. ಮುಂಗಡ ಯಾರ ಪಾಲಾಗುತ್ತದೆ ಎಂಬುದನ್ನೂ ಬರೆಸಿ.

ಪವರ್ ಆಫ್ ಅಟಾರ್ನಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಎನ್.ಎ. ಅರ್ಜಿ ಹಾಕಬೇಕಾದದ್ದು ಜಮೀನಿನ ಒಡೆಯ, ಆದ್ದರಿಂದ ಅದು ಬೇಕು ಅನ್ನುತ್ತಾರೆ. ಅರ್ಜಿಗೆ ನೀವೇ ಸಹಿ ಹಾಕಿ, ಆಮೇಲೆ ಅವರು ಓಡಾಡಲಿ. ಕೊಡಲೇಬೇಕಾದರೆ ಅರ್ಜಿಗೆ ಮಾತ್ರ ಸೀಮಿತವಾಗಿರಲಿ. "ಮಾರಲು" ಎಂಬ ಪದ ಅದರಲ್ಲಿ ಕಂಡರೆ ಎದ್ದು ಬನ್ನಿ. ಪೂರ್ತಿ ಹಣ ಬರುವವರೆಗೆ ಸ್ವಾಧೀನವನ್ನೂ ಬಿಡಬೇಡಿ. ಕಗ್ಗ ಬಿತ್ತುತ್ತಿರಿ.

ಇನ್ನು ನಿಮ್ಮದು ಗಜನಿ. ಬ್ರೋಕರುಗಳು ಇದನ್ನು ಬಾಯಿ ತಪ್ಪಿಯೂ ಹೇಳುವುದಿಲ್ಲ. ಭರತದ ಉಪ್ಪುನೀರು ಬರುವ ಹೊಳೆ ದಂಡೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಹೊಳೆಯ ಭರತದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಆ ಗೆರೆ ಕಟ್ಟೆಯ ಹೊರಗೋ ಒಳಗೋ ಎಂಬುದರ ಮೇಲೆ ಎಲ್ಲ ನಿಂತಿದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಬೆಳೆದಿದ್ದರೆ ಇನ್ನೂ ಬಿಗಿ. ನಿಮ್ಮ ಸರ್ವೆ ನಂಬರು ಆ ವಲಯದ ನಕ್ಷೆಯಲ್ಲಿ ಎಲ್ಲಿ ಬಿದ್ದಿದೆ ಎಂದು ಮುಂಗಡಕ್ಕೆ ಮೊದಲೇ ನೋಡಿಸಿ. ಅಲ್ಲಿ ಕಟ್ಟಲಾಗದು ಎಂದು ಕಂಡರೆ, ಆ 70 ಲಕ್ಷದ ಕನಸು ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಅದಕ್ಕಾಗಿ ಜಗಳವಾದರೂ ತಪ್ಪುತ್ತದೆ.

ತೆರಿಗೆಯ ಮಾತನ್ನೂ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಪೇಟೆಯಿಂದ ದೂರದ ಹಳ್ಳಿಯ ಕೃಷಿ ಜಮೀನನ್ನು ಹಾಗೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ನಿಮ್ಮ ಹೆಸರಲ್ಲಿ ಎನ್.ಎ. ಆದ ಮೇಲೆ ಮಾರಿದರೆ ತೆರಿಗೆ ನಿಮ್ಮ ತಲೆಗೆ. ಎನ್.ಎ. ಅವರಿಗೆ ಬೇಕಾದದ್ದು, ಆದ್ದರಿಂದ ಕ್ರಯದ ನಂತರ ಅವರೇ ಮಾಡಿಸಿಕೊಳ್ಳಲಿ ಅನ್ನಿ. ಆಗ ಅವರ ಮುಖ ನೋಡಿ. ನಿಜವಾಗಿ ಕೊಳ್ಳುವವರಾ ಅಲ್ವಾ ಅಲ್ಲೇ ಗೊತ್ತಾಗುತ್ತದೆ.

ಹೆಂಡತಿ ಸುಮ್ಮನಿದ್ದಾರೆ ಅಂದಿರಿ. ಕೇಳಿದ್ದೀರಾ?

ಬೇರೆ ಓದುಗರ ಪ್ರಶ್ನೆಗಳು, ಚುಟುಕಾಗಿ:

ಪಹಣಿಯಲ್ಲಿ ನನ್ನ ಹೆಸರೊಂದೇ ಇದೆ. ಅಕ್ಕತಂಗಿಯರ ಸಹಿ ಬೇಕಾ?
ಅಪ್ಪನ ಕಾಲದ ಜಮೀನಾದರೆ ಬೇಕು. ಪಹಣಿ ಹಕ್ಕನ್ನು ಹುಟ್ಟಿಸುವುದಿಲ್ಲ.

ಸಿರ್ಸಿಯಲ್ಲಿ ತೋಟದ ಜೊತೆ ಸೊಪ್ಪಿನ ಬೆಟ್ಟವನ್ನೂ ಎಕರೆ ಲೆಕ್ಕದಲ್ಲಿ ಮಾರಬಹುದಾ?
ಬೆಟ್ಟ ನಿಮ್ಮದಲ್ಲ, ಸೊಪ್ಪು ತರುವ ಸವಲತ್ತು ಮಾತ್ರ ನಿಮ್ಮದು.

ಪವರ್ ಆಫ್ ಅಟಾರ್ನಿಯಲ್ಲೇ ಜಮೀನು ಕೊಂಡರೆ ಖರ್ಚು ಕಡಿಮೆ ಅಂತಾರೆ.
ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹೀಗೆ ಹೇಳಿದವನ ಬಳಿ ಇನ್ನೇನನ್ನೂ ಕೇಳಬೇಡಿ.

ವಾಸ್ತುವಿನವರು ಈಶಾನ್ಯದಲ್ಲಿ ನೀರಿದ್ದರೆ ಮಾರಬಾರದು ಅಂದರು.
ಗಜನಿಯಲ್ಲಿ ಎಲ್ಲ ದಿಕ್ಕಲ್ಲೂ ನೀರೇ.