ರಶೀದಿ ಹರಿಯುವ ಮೊದಲೇ ಹೇಳಿಬಿಡಿ

ಪ್ರಶ್ನೆ: ನಮ್ಮ ಏರಿಯಾದ ಗಣೇಶೋತ್ಸವ ಸಮಿತಿಯವರು ಸದ್ಯದಲ್ಲೇ ವಂತಿಗೆಗೆ ಬರುತ್ತಾರೆ. ಈ ಸಲ ಕೊಡಲು ಆಗುವುದಿಲ್ಲ. ಅವರಿಗೆ ಬೇಸರ ಆಗದ ಹಾಗೆ ಏನು ಕಾರಣ ಹೇಳಬಹುದು?

ಕಾರಣ ಹುಡುಕಬೇಡಿ. ನಾನು ಹುಡುಕಿ ಕೆಟ್ಟವನು.

2018ರ ಮೇ 29ರ ಮಳೆಯನ್ನು ಮಂಗಳೂರಿನವರು ಮರೆತಿರಲಿಕ್ಕಿಲ್ಲ. ಆಗ ನಾವು ಕೊಟ್ಟಾರದ ಕಡೆ ಒಂದು ತಗ್ಗಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಮಧ್ಯಾಹ್ನ ಆಗುವಾಗ ಹಾಲ್‌ನಲ್ಲಿ ಮೊಣಕಾಲು ಮುಳುಗುವಷ್ಟು ನೀರು. ವಾಷಿಂಗ್ ಮೆಷಿನ್ ಹೋಯಿತು, ಹಾಸಿಗೆಗಳು ಹೋದವು, ಸ್ಕೂಟರ್ ಗ್ಯಾರೇಜಿಗೆ ಹೋಯಿತು. ಫ್ರಿಜ್ ಮಾತ್ರ ಉಳಿಯಿತು. ಅದನ್ನು ಎತ್ತಿ ಊಟದ ಮೇಜಿನ ಮೇಲೆ ಇಟ್ಟವರು ನಮ್ಮ ಓಣಿಯ ಹುಡುಗರು. ಅದೇ ಹುಡುಗರು ಗಣೇಶೋತ್ಸವ ಸಮಿತಿಯಲ್ಲೂ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷ ಚೌತಿ ಸೆಪ್ಟೆಂಬರ್ 13ಕ್ಕೆ. ತುಳುವರ ಆಟಿ ತಿಂಗಳು ಮುಗಿದು ಸೋಣ ತಿಂಗಳು ಶುರುವಾದದ್ದೇ ತಡ, ಒಂದು ಭಾನುವಾರ ಬೆಳಿಗ್ಗೆ ಐದಾರು ಜನ ಗೇಟು ತೆರೆದು ಒಳಗೆ ಬಂದರು. ಮುಂದೆ ಕೋಶಾಧಿಕಾರಿ. ಓಣಿಯ ಬಾಯಲ್ಲೇ ಅವರದ್ದು ಜಿನಸಿನ ಅಂಗಡಿ. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಮಾರಾಯ್ರೆ ಅನ್ನುತ್ತಿದ್ದರು. ಹೆಂಡತಿ ಬೆಲ್ಲ ನೀರು ತಂದಿಟ್ಟಳು. ಆಮಂತ್ರಣ ಪತ್ರಿಕೆ ಕೈಗೆ ಬಂತು. ಹಿಂದೆಯೇ ರಶೀದಿ ಪುಸ್ತಕವೂ ಹೊರಗೆ ಬಂತು.

ಹಿಂದಿನ ವರ್ಷ ನಾನು 2,000 ಕೊಟ್ಟಿದ್ದೆ. ಈ ಸಲ ಕಿಸೆಯಲ್ಲಿ ಏನೂ ಇರಲಿಲ್ಲ. ಆದರೆ ನಾನು ಬ್ಯಾಂಕಿನಲ್ಲಿ ಕೆಲಸದವನು. ಬ್ಯಾಂಕಿನವನ ಹತ್ತಿರ ಹಣ ಇಲ್ಲ ಅಂದರೆ ನಂಬುವವರು ಯಾರು? ಅದಕ್ಕಿಂತ ಜಾಸ್ತಿ, ಹೇಳಲು ನಾಚಿಕೆ. ಹಾಗಾಗಿ ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ: "ನೋಡುವ."

ನನ್ನ ಇಡೀ ತಪ್ಪು ಇದೇ. ನೀವು ಕರಾವಳಿಯವರಾದರೆ ಈ "ನೋಡುವ" ಏನೆಂದು ಗೊತ್ತಿರುತ್ತದೆ. ಮದುವೆಗೆ ಬರ್ತೀರಾ ಅಂದರೆ ನೋಡುವ. ಸಾಲ ಕೊಡ್ತೀರಾ ಅಂದರೂ ನೋಡುವ. ಹೇಳಿದವನ ಮನಸ್ಸಿನಲ್ಲಿ ಅದು ಇಲ್ಲ ಅಂತ, ಕೇಳಿದವನ ಕಿವಿಗೆ ಅದು ಹೌದು ಅಂತ. ಬೇರೆ ಕಡೆ ಇದು ನಡೆಯುತ್ತದೆ. ರಶೀದಿ ಪುಸ್ತಕದ ಎದುರು ನಡೆಯುವುದಿಲ್ಲ. ಪುಸ್ತಕ ಹಿಡಿದಿದ್ದ ಹುಡುಗ ಪೆನ್ನಿನ ಮುಚ್ಚಳ ತೆಗೆದು ಕೇಳಿದ: "ಐದು ಸಾವಿರ ಬರೀಲಾ ಅಣ್ಣ? ಹಣ ಆಮೇಲೆ ಕೊಟ್ರೆ ಆಯ್ತು." ನಾನು ನಕ್ಕೆ. ಆ ನಗು ಬೇಡ ಅನ್ನುವ ನಗು ಅಂತ ನಾನು ತಿಳಿದಿದ್ದೆ. ಅವನು ಬರೆದ, ಪರ್ರನೆ ಹರಿದ, ನನ್ನ ಕೈಗೆ ಇಟ್ಟ. ಆಗಲಾದರೂ ಬಾಯಿ ಬಿಡಬೇಕಿತ್ತು. "ಥ್ಯಾಂಕ್ಸ್" ಅಂದೆ!

ಆಮೇಲೆ ಶುರುವಾಯಿತು ಕಾರಣಗಳ ಸಾಲು. ಮೊದಲ ಸಲ ಹುಡುಗರು ಬಂದಾಗ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ ಅಂದೆ (ಬ್ಯಾಂಕಿನವನು, ಗೊತ್ತಾಯಿತಲ್ಲ). ಎರಡನೇ ಸಲ ಊರಿನಿಂದ ಹಣ ಬರಲಿಕ್ಕಿದೆ ಅಂದೆ. ಮೂರನೇ ಸಲ ಹಾಲ್‌ನ ಲೈಟ್ ಆರಿಸಿ ಅಡುಗೆಮನೆಯಲ್ಲಿ ಕೂತೆವು. ಅಣ್ಣನ ಅಂಗಡಿ ಎದುರು ಹೋಗುವುದು ಬಿಟ್ಟು, ಸುತ್ತು ಹಾಕಿ ಹಿಂದಿನ ಮಾರ್ಗದಿಂದ ಬರತೊಡಗಿದೆ. ಸಕ್ಕರೆ, ಅವಲಕ್ಕಿಯೂ ಬೇರೆ ಅಂಗಡಿಯಿಂದ.

ಚೌತಿಯ ದಿನ ಅನ್ನಸಂತರ್ಪಣೆಗೆ ಮಕ್ಕಳನ್ನು ಕರೆದುಕೊಂಡು ಹೋದೆ. ಚಪ್ಪರದ ಬಾಗಿಲಲ್ಲಿ ದಾನಿಗಳ ಬೋರ್ಡ್. ನನ್ನ ಹೆಸರು, ಪಕ್ಕದಲ್ಲಿ 5,000. ಮಗಳು ಓದಿ ಖುಷಿಪಟ್ಟಳು. ನಾನು ಎಲೆಯ ಮುಂದೆ ಕೂತು ಏನು ಉಂಡೆನೋ ಗೊತ್ತಿಲ್ಲ. ಅಲ್ಲೇ ಅಣ್ಣ ಎದುರಾದರು. "ಊಟ ಆಯ್ತಾ ಸರ್?" ಅಂದರು. ಅಷ್ಟೇ. ಮಾರಾಯ್ರೆ ಹೋಗಿ ಸರ್ ಬಂದಿತ್ತು. ನಮ್ಮ ಕಡೆ ಸಿಟ್ಟು ಬಂದರೆ ಬೈಯುವುದಕ್ಕಿಂತ ಮರ್ಯಾದೆ ಜಾಸ್ತಿ ಮಾಡುತ್ತಾರೆ.

ಮರುವರ್ಷ ಸಮಿತಿಯ ಕಾರ್ಯದರ್ಶಿ ಬಂದು, "ನೀವು ಬ್ಯಾಂಕಿನವರಲ್ವಾ, ಲೆಕ್ಕ ನೋಡ್ಲಿಕ್ಕೆ ಸೇರಿಕೊಳ್ಳಿ" ಅಂದರು. ಹಣ ಕೊಡದವನನ್ನು ಲೆಕ್ಕಕ್ಕೆ ಕರೆಯುತ್ತಾರಲ್ಲ ಅಂತ ಆಶ್ಚರ್ಯವಾಯಿತು. ಹಳೆಯ ಫೈಲ್ ತೆರೆದ ಮೇಲೆ ಅರ್ಥವಾಯಿತು.

ರಶೀದಿ ಪುಸ್ತಕದ ಲೆಕ್ಕ ಹೀಗೆ. ಪ್ರತಿ ಹಾಳೆಗೂ ನಂಬರ್ ಇರುತ್ತದೆ. ಹರಿದು ಕೊಟ್ಟ ಭಾಗ ನಿಮ್ಮ ಹತ್ತಿರ, ಅಡಿಪ್ರತಿ ಪುಸ್ತಕದಲ್ಲಿ. ಹಬ್ಬ ಮುಗಿದ ಮೇಲೆ ಲೆಕ್ಕಪತ್ರ ಮಂಡಿಸುವ ಸಭೆ ನಡೆಯುತ್ತದೆ. ಆ ದಿನ ಎಲ್ಲ ಅಡಿಪ್ರತಿಗಳ ಒಟ್ಟು ಮೊತ್ತ, ಕೈಗೆ ಬಂದ ನಗದು ಮತ್ತು ಬ್ಯಾಂಕಿಗೆ ಬಂದ ಹಣಕ್ಕೆ ಸರಿಯಾಗಬೇಕು. ಆಗದಿದ್ದರೆ ಸಭೆ ಕೇಳುವುದು ನಿಮ್ಮನ್ನಲ್ಲ, ಕೋಶಾಧಿಕಾರಿಯನ್ನು. ಬೋರ್ಡಿನಲ್ಲಿ ಹೆಸರಿದೆ, ಹಣ ಎಲ್ಲಿ? "ಅವರು ಕೊಟ್ಟಿಲ್ಲ" ಅಂದರೆ ನನ್ನ ಮಾನ ಹೋಗುತ್ತಿತ್ತು. ಸುಮ್ನೆ ಇದ್ದರೆ ಅವರ ಮಾನ. ಅಣ್ಣ ಮೂರನೇ ದಾರಿ ಹಿಡಿದಿದ್ದರು. ನನ್ನ ಅಡಿಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ "ಸ್ವಂತ" ಅಂತ ಬರೆದಿತ್ತು. ಐದು ಸಾವಿರ ಅವರ ಅಂಗಡಿಯ ಗಲ್ಲಾದಿಂದ ಹೋಗಿತ್ತು. ಕಾರ್ಯದರ್ಶಿಗೂ ಅದು ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯ ಆ ಫೈಲಿನಲ್ಲೇ ತಿಳಿಯಿತು. ಚೌತಿಗೆ ಎರಡು ವಾರ ಇರುವಾಗ ಸಮಿತಿ ಕೂತು "ಬಂದದ್ದು", "ಬರಲಿಕ್ಕಿರುವುದು" ಅಂತ ಎರಡು ಪಟ್ಟಿ ಮಾಡುತ್ತದೆ. ಶೋಭಾಯಾತ್ರೆಗೆ ಚೆಂಡೆಯವರು ಎಷ್ಟು ಜನ, ಹುಲಿವೇಷದ ತಂಡ ಬೇಕಾ ಬೇಡವಾ, ಊಟಕ್ಕೆ ಎಷ್ಟು ಅಕ್ಕಿ, ಎಲ್ಲ ಈ ಎರಡೂ ಪಟ್ಟಿ ನೋಡಿಯೇ ತೀರ್ಮಾನ ಆಗುವುದು. ನನ್ನ "ನೋಡುವ" ಎರಡನೇ ಪಟ್ಟಿಯಲ್ಲಿ ಇತ್ತು. ಅಂದರೆ ನಾನು ಕೊಡದ ಹಣವನ್ನು ನಂಬಿ ಚೆಂಡೆಯವರಿಗೆ ಮುಂಗಡ ಹೋಗಿತ್ತು. ಮೊದಲ ದಿನವೇ ಇಲ್ಲ ಅಂದಿದ್ದರೆ ಪಟ್ಟಿಯಿಂದ ಒಂದು ಸಾಲು ಹೋಗುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಹಣ ಇಲ್ಲ ಅನ್ನುವುದಂತೂ ಹೊಸ ಸುದ್ದಿಯೇ ಅಲ್ಲ. ನೀರಿನಲ್ಲಿ ನಿಂತು ನಮ್ಮ ಫ್ರಿಜ್ ಎತ್ತಿದವರು ಅವರೇ ಅಲ್ವಾ?

ಹಣ ಹಿಡಿದುಕೊಂಡು ಅಂಗಡಿಗೆ ಹೋದೆ. ಅಣ್ಣ ಎಣಿಸಿದರು, ಗಲ್ಲಾಕ್ಕೆ ಹಾಕಿದರು. "ಮತ್ತೆಂತ ಬೇಕು ಸರ್? ಅವಲಕ್ಕಿ ಒಳ್ಳೆದುಂಟು" ಅಂದರು. ಸರ್ ಹೋಗಿ ಮಾರಾಯ್ರೆ ವಾಪಸ್ ಬರಲು ಮತ್ತೂ ಒಂದು ಚೌತಿ ಕಳೆಯಬೇಕಾಯಿತು.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗೆ ಅನಿಸುತ್ತದೆ, ತಪ್ಪು ತಿಳಿಯಬೇಡಿ. ಇಲ್ಲ ಅಂದದ್ದಕ್ಕೆ ಬೇಸರ ಮಾಡಿಕೊಂಡ ಸಮಿತಿಯವರನ್ನು ನಾನು ಹೆಚ್ಚು ನೋಡಿಲ್ಲ. ಬೇಸರ ಬರುವುದು ಮೂರು ಸಲ ಗೇಟು ತಟ್ಟಿಸಿದಾಗ. ಕಾರಣ ಹೇಳಿದರೆ ಅದಕ್ಕೆ ಪರಿಹಾರವನ್ನೂ ಅವರೇ ಹೇಳುತ್ತಾರೆ. ಸಂಬಳ ಆಗಿಲ್ಲ ಅಂದರೆ ಒಂದನೇ ತಾರೀಕಿಗೆ ಬರುತ್ತೇವೆ ಅನ್ನುತ್ತಾರೆ. ನಗದು ಇಲ್ಲ ಅಂದರೆ ಫೋನ್ ತೆಗೆದು ಕ್ಯೂಆರ್ ಕೋಡ್ ತೋರಿಸುತ್ತಾರೆ. ಕಾರಣವೇ ಇಲ್ಲದಿದ್ದರೆ ಮಾತು ಮುಂದೆ ಹೋಗುವುದಿಲ್ಲ.

ನಮ್ಮ ಪಕ್ಕದ ಮನೆಯ ಬಾಯಮ್ಮನನ್ನು ನೋಡಿ ನಾನು ಕಲಿತದ್ದು. ಪ್ರತಿ ವರ್ಷ ಹುಡುಗರು ಅವರಲ್ಲಿಗೂ ಆಮಂತ್ರಣ ಕೊಡಲು ಹೋಗುತ್ತಾರೆ. ಅವರು ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡು ಹೇಳುತ್ತಾರೆ: "ಹಣ ನಾನು ಬರೆಸುವುದಿಲ್ಲ ಮಗಾ. ಮೆರವಣಿಗೆ ಬರುವಾಗ ಗೇಟಿನ ಲೈಟ್ ಹಾಕಿರ್ತೇನೆ." ಪ್ರತಿ ವರ್ಷ ಅದೇ ಮಾತು. ಲೈಟೂ ಹಾಕಿರುತ್ತಾರೆ. ಪಂಚಕಜ್ಜಾಯ ಅವರ ಮನೆಗೂ ಹೋಗುತ್ತದೆ. ಅವರ ಬಗ್ಗೆ ಯಾರೂ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ.

2023ರಲ್ಲಿ ಮಗಳ ಕಾಲೇಜು ಫೀಸು ಕಟ್ಟಿ ನನ್ನ ಕೈ ಮತ್ತೆ ಖಾಲಿ. ಆ ಸಲ ಅವರು ಬರುವವರೆಗೆ ಕಾಯಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹೋದೆ. "ಅಣ್ಣ, ಈ ಸಲ ನನ್ನದು ವಂತಿಗೆ ಇಲ್ಲ. ಪಟ್ಟಿಯಲ್ಲಿ ಹೆಸರು ಹಾಕ್ಬೇಡಿ" ಅಂದೆ. ಫೀಸಿನ ಕಥೆ ಹೇಳಲಿಲ್ಲ. ಅವರು ಕಡಲೆಬೇಳೆ ತೂಗುತ್ತಿದ್ದರು. "ಆಯ್ತು ಮಾರಾಯ್ರೆ, ಹಿಂದಿನ ದಿನ ರಾತ್ರಿ ತರಕಾರಿ ಹೆಚ್ಚಲಿಕ್ಕೆ ಬನ್ನಿ" ಅಂದರು. ಹೋದೆ. ಕುಂಬಳಕಾಯಿ ಹೆಚ್ಚಿ ಹೆಚ್ಚಿ ಅಂಗೈಯಲ್ಲಿ ಗುಳ್ಳೆ ಬಂತು.

ಕೆಲವರು 101 ಬರೆಸಿ ತಪ್ಪಿಸಿಕೊಳ್ಳಿ ಅನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಎರಡು ಸಾವಿರ ಕೊಡುತ್ತಿದ್ದವನ ಹೆಸರಿನ ಎದುರು 101 ಇದ್ದರೆ, ಏನೋ ಮುನಿಸು ಇರಬೇಕು ಅಂತಲೇ ಓದಿಕೊಳ್ಳುತ್ತಾರೆ. ಅಷ್ಟು ಕೊಡುವ ಮನಸ್ಸಿದ್ದರೆ ಪೂಜೆಯ ದಿನ ಆರತಿ ತಟ್ಟೆಗೆ ಹಾಕಿ, ಅದಕ್ಕೆ ರಶೀದಿಯೂ ಇಲ್ಲ, ಬೋರ್ಡೂ ಇಲ್ಲ. ಹಾಗೆಯೇ, ಮನಸ್ಸಿನಲ್ಲಿ ಕಳೆದ ವರ್ಷದ ಲೆಕ್ಕದ ಬಗ್ಗೆ ಅಥವಾ ಡಿಜೆ ಗಲಾಟೆಯ ಬಗ್ಗೆ ದೂರು ಇದ್ದರೆ ಗೇಟಿನ ಹತ್ತಿರ ಅದನ್ನು ತೆಗೆಯಬೇಡಿ. ಹಣ ಕೊಡಲಿಕ್ಕಾಗದೆ ಜಗಳ ತೆಗೆದ ಅಂತಾಗುತ್ತದೆ. ಲೆಕ್ಕಪತ್ರದ ಸಭೆಗೆ ಹೋಗಿ ಕೇಳಿ.

ಈಗಾಗಲೇ ಯಾರಾದರೂ ನಿಮ್ಮ ಹೆಸರಿಗೆ ರಶೀದಿ ಬರೆದು ಕೊಟ್ಟಿದ್ದರೆ ಇವತ್ತೇ ಅದನ್ನು ವಾಪಸ್ ತೆಗೆದುಕೊಂಡು ಹೋಗಿ. ಎರಡೂ ಪ್ರತಿಯ ಮೇಲೆ "ರದ್ದು" ಅಂತ ಬರೆದು ಪುಸ್ತಕಕ್ಕೇ ಪಿನ್ ಮಾಡಿದರೆ ಲೆಕ್ಕ ಸರಿಯಾಗುತ್ತದೆ, ಕೋಶಾಧಿಕಾರಿ ಬಚಾವ್. ಹರಿದು ಬಿಸಾಡಬೇಡಿ, ಆ ನಂಬರಿಗೆ ಅವರು ಉತ್ತರ ಹೇಳಬೇಕಾಗುತ್ತದೆ.

ಇನ್ನೂ ಬಂದಿಲ್ಲ ಅಂದರೆ ಭಾನುವಾರದವರೆಗೆ ಕಾಯಬೇಡಿ. ಐದು ಜನರ ಎದುರು ಇಲ್ಲ ಅನ್ನುವುದಕ್ಕಿಂತ ಒಬ್ಬರ ಎದುರು ಅನ್ನುವುದು ಸುಲಭ. ಪುಸ್ತಕ ಹಿಡಿಯುವವರು ಯಾರು ಅಂತ ಕೇಳಿ ತಿಳಿದುಕೊಂಡು, ಅವರ ಕೈಯಲ್ಲಿ ಪೆನ್ನು ಇಲ್ಲದ ಹೊತ್ತಿಗೆ ಹೋಗಿ ಹೇಳಿ ಬನ್ನಿ.